ಬಿಸಿ ಎಲ್ಲಿಂದ ಬರುತ್ತೆ ನೋಡಿ, ಅದು ಯಾವ ಮಷೀನು ಅಂತ ಗೊತ್ತಾಗುತ್ತೆ

ನಮ್ಮಕ್ಕ ಮನೆ ಶಿಫ್ಟ್ ಮಾಡಿದಾಗ ಹಳೇ ಮನೆ ಅಟ್ಟದಿಂದ ನಾಲ್ಕು ಕರೆಂಟ್ ಅಡುಗೆ ಸಾಮಾನು ಇಳಿಸಿದ್ವಿ. ಯಾವುದೂ ಅವಳು ಕೊಂಡಿದ್ದಲ್ಲ, ಮದುವೆಗೆ, ಗೃಹಪ್ರವೇಶಕ್ಕೆ ಅಂತ ಯಾರ್ಯಾರೋ ಕೊಟ್ಟಿದ್ದು. ಡಬ್ಬ ಇಲ್ಲ, ಬುಕ್‌ಲೆಟ್ ಇಲ್ಲ, ಮೇಲಿನ ಸ್ಟಿಕರ್ ಎಲ್ಲಾ ಕಿತ್ತು ಹೋಗಿದೆ. ಗಾಜಿನ ಬಾಗಿಲಿದ್ದ ಡಬ್ಬಿಯನ್ನ ನೋಡಿ ಅಕ್ಕ ಇದು ಓವನ್ನು ಅಂತ ತೀರ್ಮಾನ ಮಾಡಿ, ಮಗನ ಹುಟ್ಟುಹಬ್ಬಕ್ಕೆ ಕೇಕ್ ಹಿಟ್ಟು ಕಲಸಿ 180 ಡಿಗ್ರಿಗೆ 40 ನಿಮಿಷ ಅಂತ ಇಟ್ಟಳು. ಹದಿನೈದು ನಿಮಿಷಕ್ಕೇ ಸೀದ ವಾಸನೆ. ತೆಗೆದು ನೋಡಿದ್ರೆ ಮೇಲ್ಗಡೆ ಕಪ್ಪಗೆ ಗಟ್ಟಿ ಹಪ್ಪಳದ ಥರ ಆಗಿದೆ, ಚಾಕು ಚುಚ್ಚಿದ್ರೆ ಒಳಗಡೆಯಿಂದ ಹಸಿ ಹಿಟ್ಟು ಹಾಗೇ ಉಕ್ಕಿ ಬಂತು. ಮಷೀನು ಕೆಟ್ಟಿರಲಿಲ್ಲ. ಅದು ಓಟಿಜಿ, ಅಂದ್ರೆ ಮೇಲೂ ಕೆಳಗೂ ರಾಡು ಕಾಯೋ ಕರೆಂಟ್ ಓವನ್ ಅಲ್ಲ, ಬಿಸಿಗಾಳಿ ಊದಿ ಬೇಯಿಸೋ ಏರ್ ಫ್ರೈಯರ್, ಬಾಗಿಲಿರೋದು, ಅಷ್ಟೇ.

ಈ ಥರ ಮೋಸ ಹೋಗೋಕೆ ಕಾರಣ ನಾವು ಹೊರಗಿನ ಆಕಾರ ನೋಡಿ ಹೆಸರಿಡೋದು. ಆಕಾರ ಬಿಟ್ಟು ಎರಡು ವಿಷಯ ನೋಡಿ, ಬಿಸಿ ಮಾಡೋ ಭಾಗ ಎಲ್ಲಿದೆ ಅನ್ನೋದು ಒಂದು, ಆನ್ ಮಾಡೋಕೆ ಏನು ಕೊಟ್ಟಿದ್ದಾರೆ ಅನ್ನೋದು ಇನ್ನೊಂದು. ನಾನು ಅಕ್ಕನ ಮನೇಲಿ ನಾಲ್ಕನ್ನೂ ಸಾಲಾಗಿ ಇಟ್ಕೊಂಡು ನೋಡಿದ್ದು ಇದೇ ಕ್ರಮದಲ್ಲಿ.

ಮೊದಲು ಪ್ಲಗ್ ತೆಗೆದು ಟಾರ್ಚ್ ಹಾಕಿ

ಪ್ಲಗ್ ಕಿತ್ತು, ಮಷೀನು ಪೂರ್ತಿ ತಣ್ಣಗಿದೆ ಅಂತ ಖಾತ್ರಿ ಮಾಡ್ಕೊಂಡು ಬಾಗಿಲೋ ಮುಚ್ಚಳವೋ ಬುಟ್ಟಿಯೋ ಏನಿದೆಯೋ ಅದನ್ನ ತೆಗೆದು, ಮೊಬೈಲ್ ಟಾರ್ಚ್ ಹಾಕಿ ಒಳಗಡೆ ನೋಡಿ. ಮೇಲ್ಗಡೆ ನೋಡೋಕೆ ತಲೆ ಬಗ್ಗಿಸಲೇಬೇಕು, ಯಾಕಂದ್ರೆ ಮುಖ್ಯವಾದ ಸುಳಿವು ಇರೋದು ಛಾವಣಿಯಲ್ಲೇ.

ಎರಡು ಪ್ಲೇಟು ಪುಸ್ತಕದ ಥರ ಮುಚ್ಚಿಕೊಳ್ಳುತ್ತೆ, ಒಳಗೆ ರಾಡೂ ಇಲ್ಲ, ಕಾಯಿಲೂ ಇಲ್ಲ, ಬರೀ ಕಪ್ಪು ನಾನ್‌ಸ್ಟಿಕ್ ಅಂದ್ರೆ ಅದು ಸ್ಯಾಂಡ್‌ವಿಚ್ ಮೇಕರ್. ಬಿಸಿ ಮಾಡೋ ಭಾಗ ಎರಡೂ ಪ್ಲೇಟಿನ ಬೆನ್ನಿಗೆ ಅಂಟಿಕೊಂಡಿರುತ್ತೆ, ಕಣ್ಣಿಗೆ ಕಾಣಲ್ಲ. ತ್ರಿಕೋನದ ಗುಂಡಿ ಇದ್ರೆ ಮಾಮೂಲಿ ಸ್ಯಾಂಡ್‌ವಿಚ್, ಉದ್ದುದ್ದ ಗೆರೆ ಇದ್ರೆ ಗ್ರಿಲ್, ಚೌಕ ಚೌಕ ಆಳವಾದ ಮನೆಗಳಿದ್ರೆ ದೋಸೆಗಲ್ಲ, ವಾಫಲ್‌ಗೆ. ಸಾಮಾನ್ಯ ಮಾಡೆಲ್‌ಗಳಲ್ಲಿ ನಾಬು, ಸ್ವಿಚ್ಚು ಏನೂ ಇರಲ್ಲ, ಎರಡು ಲೈಟ್ ಮಾತ್ರ. ಪ್ಲಗ್ ಹಾಕಿದ ತಕ್ಷಣ ಕೆಂಪು ಬರುತ್ತೆ, ಅಂದ್ರೆ ಕಾಯೋಕೆ ಶುರುವಾಯ್ತು. ಹಸಿರು ಬಂದ್ರೆ ಕಾದಿದೆ ಅಂತ. ಆಮೇಲೆ ಹಸಿರು ಲೈಟ್ ಹೋಗಿ ಬಂದು ಮಾಡ್ತಾ ಇರುತ್ತೆ, ಅದು ಕೆಟ್ಟಿದೆ ಅಂತ ಅಲ್ಲ, ಒಳಗಿರೋ ಥರ್ಮೋಸ್ಟಾಟು ಬಿಸಿ ಜಾಸ್ತಿ ಆದಾಗ ಕರೆಂಟ್ ಕಟ್ ಮಾಡಿ, ತಣಿದಾಗ ಮತ್ತೆ ಕೊಡ್ತಾ ಇದೆ. ಇದನ್ನ ಗುರುತಿಸೋದು ಸುಲಭ, ಮುಂದಕ್ಕೆ ಹೋಗೋಣ.

ಮೇಲೆ ಬರೀ ಗಾಜಿದ್ರೆ ಇಂಡಕ್ಷನ್ ಅಂತ ನಂಬಬೇಡಿ

ಚಪ್ಪಟೆ ಇದೆ, ಮೇಲೆ ಕಪ್ಪು ಗಾಜು, ಮುಂದೆ ಒತ್ತೋ ಬಟನ್ನು, ಪ್ಲಸ್ ಮೈನಸ್, ಹಾಲು, ದೋಸೆ, ಕರಿ ಅಂತ ಚಿತ್ರ. ನೂರಕ್ಕೆ ತೊಂಬತ್ತು ಜನ ಇಂಡಕ್ಷನ್ ಅಂತಾರೆ. ಆದ್ರೆ ಇದೇ ಮುಖ ಇಟ್ಕೊಂಡು ಇನ್‌ಫ್ರಾರೆಡ್ ಸ್ಟವ್ ಅಂತ ಇನ್ನೊಂದಿದೆ, ಅದರ ಗಾಜಿನ ಕೆಳಗೆ ನಿಜವಾದ ಬಿಸಿ ಕಾಯಿಲ್ ಇರುತ್ತೆ. ಇಂಡಕ್ಷನ್‌ನಲ್ಲಿ ಕಾಯೋ ಕಾಯಿಲೇ ಇಲ್ಲ. ಅಲ್ಲಿರೋದು ತಾಮ್ರದ ತಂತಿ ಸುತ್ತು, ಅದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸೋ ಕರೆಂಟ್ ಹರಿದು ಮ್ಯಾಗ್ನೆಟ್ ಶಕ್ತಿ ಹುಟ್ಟುತ್ತೆ, ಅದು ಪಾತ್ರೆಯ ತಳದಲ್ಲೇ ಬಿಸಿ ಎಬ್ಬಿಸುತ್ತೆ. ಅಂದ್ರೆ ಇಂಡಕ್ಷನ್‌ನಲ್ಲಿ ಒಲೆ ಯಾವುದು ಅಂದ್ರೆ ಪಾತ್ರೆಯೇ ಒಲೆ.

ಪರೀಕ್ಷೆ ಮಾಡೋದು ಹೀಗೆ. ಫ್ರಿಜ್ ಮೇಲಿನ ಮ್ಯಾಗ್ನೆಟ್ ತಗೊಂಡು ಮನೆ ಪಾತ್ರೆಗಳ ತಳಕ್ಕೆ ಹಚ್ಚಿ ನೋಡಿ, ಗಟ್ಟಿಯಾಗಿ ಹಿಡಿಯೋದು ಒಂದು ಕಡೆ ಇಡಿ, ಹಿಡಿಯದ ಅಲ್ಯೂಮಿನಿಯಂ ಪಾತ್ರೆ ಒಂದು ಕಡೆ. ಆ ಅಲ್ಯೂಮಿನಿಯಂ ಪಾತ್ರೆಗೆ ಒಂದು ಲೋಟ ನೀರು ಹಾಕಿ ಸ್ಟವ್ ಮೇಲಿಟ್ಟು ಆನ್ ಮಾಡಿ. ಬೀಪ್ ಬೀಪ್ ಅಂತ ಕೂಗಿ, ಡಿಸ್‌ಪ್ಲೇನಲ್ಲಿ E0 ಥರದ್ದು ಏನೋ ಬಂದು, ಸ್ವಲ್ಪ ಹೊತ್ತಿಗೆ ತಾನೇ ಆಫ್ ಆದ್ರೆ ಇಂಡಕ್ಷನ್. ಆ ಅಕ್ಷರ ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತೆ, ಬೀಪ್ ಮಾತ್ರ ಸಾಮಾನ್ಯ. ಹಾಗಾಗದೆ ಗಾಜಿನ ಕೆಳಗೆ ಕೆಂಡದ ಥರ ಕೆಂಪು ಕಂಡು ನೀರು ಕಾಯೋಕೆ ಶುರುವಾದ್ರೆ ಇನ್‌ಫ್ರಾರೆಡ್, ಅದಕ್ಕೆ ಯಾವ ಪಾತ್ರೆ ಆದ್ರೂ ನಡೆಯುತ್ತೆ, ಆದ್ರೆ ಪಾತ್ರೆ ತೆಗೆದ ಮೇಲೂ ಗಾಜು ತುಂಬಾ ಹೊತ್ತು ಸುಡುತ್ತೆ, ಮಕ್ಕಳಿರೋ ಮನೇಲಿ ಇದನ್ನ ಗೊತ್ತು ಮಾಡ್ಕೊಳ್ಳಲೇಬೇಕು. ಇಂಡಕ್ಷನ್ ಗಾಜೂ ಬಿಸಿ ಆಗುತ್ತೆ, ಅದು ಪಾತ್ರೆ ತಳದ ಬಿಸಿ ಇಳಿದಿದ್ದು. ಒಂದು ಎಚ್ಚರಿಕೆ, ಮ್ಯಾಗ್ನೆಟ್ ಹಿಡಿಯೋ ಪಾತ್ರೆಯಾದ್ರೂ ತಳ ತುಂಬಾ ಚಿಕ್ಕದಿದ್ರೆ, ಒಂದು ಸಣ್ಣ ಒಗ್ಗರಣೆ ಸೌಟಿನಷ್ಟು ಅಂದ್ಕೊಳ್ಳಿ, ಇಂಡಕ್ಷನ್ ಅದನ್ನೂ ಪಾತ್ರೆ ಇಲ್ಲ ಅಂತಲೇ ಲೆಕ್ಕ ಹಾಕುತ್ತೆ. ಆಗ ಸ್ಟವ್ ಕೆಟ್ಟಿದೆ ಅಂದ್ಕೊಂಡು ರಿಪೇರಿಗೆ ಒಯ್ಯಬೇಡಿ.

ಗಾಜಿನ ಬಾಗಿಲಿನ ಡಬ್ಬಿ, ಇಲ್ಲೇ ಎಲ್ಲರೂ ತಪ್ಪೋದು

ಡ್ರಾಯರ್ ಥರ ಎಳೆಯೋ ಬುಟ್ಟಿ ಇದ್ರೆ ಅದು ಏರ್ ಫ್ರೈಯರ್ ಅಂತ ಹೇಳೋಕೆ ಯಾರೂ ಬೇಡ. ಬಾಗಿಲಿದ್ದು, ಒಳಗೆ ಟ್ರೇ, ಜಾಲರಿ ಎಲ್ಲಾ ಇದ್ದಾಗ ತಾನೇ ಕಷ್ಟ. ಈಗ ಟಾರ್ಚ್ ಹಾಕಿ ಮೊದಲು ನೆಲ ನೋಡಿ, ಆಮೇಲೆ ಛಾವಣಿ.

ಓಟಿಜಿಯಲ್ಲಿ ನೆಲದ ಹತ್ತಿರ ಅಡ್ಡಡ್ಡ ಒಂದೋ ಎರಡೋ ರಾಡು, ಛಾವಣಿ ಹತ್ತಿರ ಅಷ್ಟೇ ರಾಡು, ಎರಡೂ ಬರಿಗಣ್ಣಿಗೆ ಕಾಣುತ್ತೆ. ಕೆಳಗಿನ ರಾಡಿನ ಅಡಿಯಲ್ಲಿ ಎಳೆದು ತೆಗೆಯೋ ತಗಡಿನ ಟ್ರೇ, ಬ್ರೆಡ್ಡಿನ ಪುಡಿ ಬೀಳೋಕೆ. ಏರ್ ಫ್ರೈಯರ್‌ನಲ್ಲಿ ನೆಲ ಸಾಮಾನ್ಯವಾಗಿ ಖಾಲಿ ಇರುತ್ತೆ. ಛಾವಣಿಯಲ್ಲಿ ಜಾಲರಿ, ಅದರ ಹಿಂದೆ ಚಕ್ಕುಲಿ ಥರ ಸುತ್ತಿರೋ ಒಂದು ಕಾಯಿಲ್, ಅದರ ಹಿಂದೆ ಫ್ಯಾನಿನ ರೆಕ್ಕೆ. ಅಕ್ಕನ ಡಬ್ಬಿಯಲ್ಲಿ ನಾನು ಕಂಡಿದ್ದು ಇದೇ, ಚಕ್ಕುಲಿ ಮೇಲೆ, ಕೆಳಗೆ ಏನೂ ಇಲ್ಲ. ಕೇಕಿನ ತಲೆ ಮೇಲೆ ಒಂದು ಗೇಣಿನಷ್ಟೂ ದೂರ ಇಲ್ಲದ ಕಾಯಿಲು, ಅದರಿಂದ ಫ್ಯಾನು ಬಿಸಿಗಾಳಿ ನೇರ ಕೆಳಗೆ ತಳ್ತಾ ಇದೆ, ಹಾಗಿರುವಾಗ ಮೇಲ್ಪದರ ಸೀಯದೆ ಇನ್ನೇನಾಗುತ್ತೆ.

ಫ್ಯಾನ್ ಇದ್ದ ಮಾತ್ರಕ್ಕೆ ಏರ್ ಫ್ರೈಯರ್ ಅಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಕನ್ವೆಕ್ಷನ್ ಇರೋ ಓಟಿಜಿಯಲ್ಲೂ ಫ್ಯಾನ್ ಇರುತ್ತೆ, ಆದ್ರೆ ಅದು ಸಾಮಾನ್ಯವಾಗಿ ಪಕ್ಕದ ಗೋಡೆಯಲ್ಲೋ ಹಿಂದಿನ ಗೋಡೆಯಲ್ಲೋ ಇರುತ್ತೆ, ಸಣ್ಣದು, ನಿಧಾನ. ಕೆಲವು ಹೊಸ ಡಬ್ಬಿಗಳಲ್ಲಿ ಮೇಲೆ ಕಾಯಿಲು ಫ್ಯಾನು, ಕೆಳಗೂ ರಾಡು, ಎರಡೂ ಕೊಟ್ಟಿರ್ತಾರೆ. ಅದು ನಿಜವಾಗ್ಲೂ ಎರಡೂ ಕೆಲಸದ್ದು, ಅದರಲ್ಲಿ ಕೇಕಿಗೆ ಬೇಕ್ ಅನ್ನೋ ಮೋಡ್ ಹುಡುಕಿ.

ಇನ್ನು ನಾಬು. ಓಟಿಜಿಯಲ್ಲಿ ಸಾಮಾನ್ಯವಾಗಿ ಮೂರು ನಾಬು ಇರುತ್ತೆ, ಟೆಂಪರೇಚರ್, ಟೈಮರ್, ಮಧ್ಯದ್ದು ಫಂಕ್ಷನ್. ಆ ಮಧ್ಯದ ನಾಬಿನ ಚಿತ್ರಗಳೇ ದೊಡ್ಡ ಗುರುತು, ಚೌಕದೊಳಗೆ ಮೇಲೆ ಗೆರೆ, ಕೆಳಗೆ ಗೆರೆ, ಎರಡೂ ಕಡೆ ಗೆರೆ. ಯಾವ ರಾಡು ಕಾಯಬೇಕು ಅಂತ ನಿಮಗೆ ಆಯ್ಕೆ ಕೊಟ್ಟಿದ್ದಾರೆ ಅಂದ್ರೆ ಒಳಗೆ ಒಂದಕ್ಕಿಂತ ಜಾಸ್ತಿ ರಾಡಿದೆ ಅಂತಾಯ್ತಲ್ಲ. ಏರ್ ಫ್ರೈಯರ್‌ನಲ್ಲಿ ಈ ಆಯ್ಕೆ ಇರಲ್ಲ, ಇರೋದು ಒಂದೇ ಕಾಯಿಲು. ಡಿಗ್ರಿ ಮತ್ತು ನಿಮಿಷ, ಅಥವಾ ಟಚ್ ಬಟನ್ ಮೇಲೆ ಚಿಕನ್ನು, ಮೀನು, ಫ್ರೆಂಚ್ ಫ್ರೈಸ್ ಚಿತ್ರ. ಡಿಗ್ರಿ ಸಾಮಾನ್ಯವಾಗಿ 200ಕ್ಕೆ ನಿಲ್ಲುತ್ತೆ, ಓಟಿಜಿ 250ರ ತನಕ ಹೋಗುತ್ತೆ.

ಸಂಶಯ ಇನ್ನೂ ಉಳಿದಿದ್ರೆ ಖಾಲಿ ಡಬ್ಬಿ ಎರಡು ನಿಮಿಷ ಆನ್ ಮಾಡಿ ಕಿವಿಗೊಟ್ಟು ಕೇಳಿ. ಏರ್ ಫ್ರೈಯರ್ ಶುರುವಾದ ಕ್ಷಣದಿಂದ ಹೇರ್ ಡ್ರೈಯರ್ ಥರ ಹುಯ್ ಅನ್ನುತ್ತೆ, ಹಿಂದಿನ ಜಾಲರಿಯಿಂದ ಬಿಸಿಗಾಳಿ ಬರುತ್ತೆ, ಅದಕ್ಕೇ ಅದನ್ನ ಗೋಡೆಗೆ ಒತ್ತಿ ಇಡಬಾರದು. ಓಟಿಜಿಯಲ್ಲಿ ಟೈಮರಿನ ಟಿಕ್ ಟಿಕ್ ಬಿಟ್ಟರೆ ಸದ್ದಿಲ್ಲ, ರಾಡು ನಿಧಾನಕ್ಕೆ ಕೆಂಪಗಾಗುತ್ತೆ. ಬಾಗಿಲು ತೆಗೆದು ನೋಡಿ, ಏರ್ ಫ್ರೈಯರ್ ಆದ್ರೆ ತಕ್ಷಣ ನಿಂತು ಹೋಗುತ್ತೆ, ಸೇಫ್ಟಿಗೆ ಸಣ್ಣ ಸ್ವಿಚ್ ಇಟ್ಟಿರ್ತಾರೆ. ಸಾಮಾನ್ಯ ಓಟಿಜಿ ಬಾಗಿಲು ತೆಗೆದ್ರೂ ಕಾಯ್ತಾನೇ ಇರುತ್ತೆ.

ಆನ್ ಆಗಲಿಲ್ಲ ಅಂದ್ರೆ ಅದೂ ಒಂದು ಗುರುತು

ಎಷ್ಟೋ ಜನ ಚೆನ್ನಾಗಿರೋ ಮಷೀನನ್ನ ಕೆಟ್ಟಿದೆ ಅಂತ ಗುಜರಿಗೆ ಹಾಕೋದು ನೋಡಿ ಹೊಟ್ಟೆ ಉರಿಯುತ್ತೆ. ಓಟಿಜಿ ಟೈಮರ್ ತಿರುಗಿಸದೆ ಡಿಗ್ರಿ ಮಾತ್ರ ಇಟ್ರೆ ಆನ್ ಆಗಲ್ಲ. ಏರ್ ಫ್ರೈಯರ್ ಬುಟ್ಟಿ ಕಟ್ ಅನ್ನೋವರೆಗೆ ಒಳಗೆ ತಳ್ಳದಿದ್ರೆ ಆನ್ ಆಗಲ್ಲ. ಇಂಡಕ್ಷನ್ ಪಾತ್ರೆ ಇಲ್ಲದೆ ಕಾಯಲ್ಲ. ಸ್ಯಾಂಡ್‌ವಿಚ್ ಮೇಕರ್ ಮಾತ್ರ ಏನೂ ಕೇಳದೆ ಪ್ಲಗ್ ಹಾಕಿದ ಕೂಡಲೇ ಕಾಯುತ್ತೆ, ಹಾಗಾಗಿ ಅದರ ಪ್ಲಗ್ ಮರೆತು ಬಿಡೋದೂ ಅಷ್ಟೇ ಅಪಾಯ.

ಪ್ಲಗ್ ಮಾತು ಬಂತಲ್ಲ, ತಳದಲ್ಲೋ ಬೆನ್ನಲ್ಲೋ ಅಂಟಿಸಿರೋ ಅಥವಾ ಅಚ್ಚಾಗಿರೋ ವ್ಯಾಟ್ ಸಂಖ್ಯೆ ಓದಿ. ಸ್ಯಾಂಡ್‌ವಿಚ್ ಮೇಕರ್ ಬಹುತೇಕ 700ರಿಂದ 1000 ವ್ಯಾಟ್, ಮಾಮೂಲಿ 6 ಆಂಪಿಯರ್ ಪಾಯಿಂಟಿಗೆ ಸಾಕು. ಇಂಡಕ್ಷನ್ 2000 ವ್ಯಾಟ್ ಇದ್ರೆ 230 ವೋಲ್ಟಿಗೆ ಸುಮಾರು 8.7 ಆಂಪಿಯರ್ ಎಳೆಯುತ್ತೆ, ಅದಕ್ಕೆ ಗೀಸರ್‌ಗೆ ಕೊಡೋ ಥರದ 16 ಆಂಪಿಯರ್ ದಪ್ಪ ಪಾಯಿಂಟೇ ಬೇಕು. ಅಡಾಪ್ಟರ್ ಹಾಕಿ ಮಿಕ್ಸಿ ಪಾಯಿಂಟಿಗೆ ಚುಚ್ಚಿದ್ರೆ ಸಾಕೆಟ್ ಕರಗಿ ವಾಸನೆ ಬರುತ್ತೆ. ಏರ್ ಫ್ರೈಯರ್, ಓಟಿಜಿ 1500 ವ್ಯಾಟ್ ಆಸುಪಾಸಲ್ಲಿದ್ರೂ ಇದೇ ಮಾತು.

ಅಕ್ಕನ ಡಬ್ಬಿಯಲ್ಲಿ ಮಾರನೇ ದಿನ ಮತ್ತೆ ಕೇಕ್ ಇಟ್ವಿ. 180ರ ಬದಲು 160, ಟಿನ್ನನ್ನ ಕೆಳಗಿನ ಜಾಲರಿ ಮೇಲೆ ಇಟ್ಟು ಕಾಯಿಲಿಂದ ದೂರ ಮಾಡಿದ್ವಿ, ಮೇಲೆ ಫಾಯಿಲ್ ಮುಚ್ಚಿ ಟಿನ್ನಿನ ಅಂಚಿಗೆ ಬಿಗಿಯಾಗಿ ಮಡಚಿದ್ವಿ, ಸಡಿಲ ಬಿಟ್ಟರೆ ಫ್ಯಾನು ಅದನ್ನ ಎಬ್ಬಿಸಿ ಕಾಯಿಲಿಗೆ ತಾಗಿಸುತ್ತೆ. 25 ನಿಮಿಷಕ್ಕೆ ಫಾಯಿಲ್ ತೆಗೆದು ಇನ್ನೊಂದು ಎಂಟು ನಿಮಿಷ ಬಿಟ್ವಿ. ಕಡ್ಡಿ ಚುಚ್ಚಿದ್ರೆ ಒಣಗಿ ಬಂತು, ಮೇಲೆ ಬೆಲ್ಲದ ಬಣ್ಣ. ಅಕ್ಕ ಡಬ್ಬಿಯ ಪಕ್ಕಕ್ಕೆ ಒಂದು ಪೇಪರ್ ಟೇಪ್ ಅಂಟಿಸಿ ‘ಏರ್ ಫ್ರೈಯರ್, ಕೇಕ್ 160’ ಅಂತ ಮಾರ್ಕರಿನಲ್ಲಿ ಬರೆದಳು.