ಪ್ಯಾಕಿಂಗ್ ಯಂತ್ರದ ಓಇಇ: ಕಳೆದುಹೋದ ನಿಮಿಷಗಳನ್ನು ಹುಡುಕುವುದು ಹೇಗೆ?

ನಿಮಿಷಕ್ಕೆ 60 ಪೌಚ್ ತುಂಬಿ ಸೀಲ್ ಮಾಡಬಲ್ಲ ಯಂತ್ರವೊಂದಿದೆ ಎನ್ನೋಣ. ಎಂಟು ಗಂಟೆಯ ಶಿಫ್ಟ್‌ನಲ್ಲಿ ಊಟ, ಚಹಾಕ್ಕೆಂದು ಮೊದಲೇ ನಿಗದಿಯಾದ 30 ನಿಮಿಷ ಕಳೆದರೆ ಓಡಬೇಕಾದ ಸಮಯ 450 ನಿಮಿಷ. ಅಷ್ಟರಲ್ಲಿ 27,000 ಪೌಚ್ ಬರಬೇಕಿತ್ತು. ಶಿಫ್ಟ್ ಮುಗಿದಾಗ ಗೋದಾಮಿಗೆ ಹೋದದ್ದು 17,460. ಉಳಿದ ಒಂಬತ್ತೂವರೆ ಸಾವಿರ ಎಲ್ಲಿ ಹೋಯಿತು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ಬ್ರೇಕ್‌ಡೌನ್ ಆಗಿತ್ತು’. ಅದು ಅರ್ಧ ಉತ್ತರ ಮಾತ್ರ.

ಪೂರ್ತಿ ಉತ್ತರಕ್ಕೆ ಓಇಇ, ಅಂದರೆ ಯಂತ್ರದ ಒಟ್ಟಾರೆ ಪರಿಣಾಮಕಾರಿತ್ವ ಎಂಬ ಲೆಕ್ಕ ಬೇಕು. ಜಪಾನಿನ ಸೆಯಿಚಿ ನಕಾಜಿಮಾ ಟಿಪಿಎಂ ಎಂಬ ನಿರ್ವಹಣಾ ಪದ್ಧತಿಯ ಜೊತೆಗೆ ಪ್ರಚಾರಕ್ಕೆ ತಂದ ಅಳತೆ ಇದು. ಲಭ್ಯತೆ, ಕಾರ್ಯಕ್ಷಮತೆ, ಗುಣಮಟ್ಟ ಎಂಬ ಮೂರು ಅನುಪಾತಗಳನ್ನು ಗುಣಿಸಿದರೆ ಓಇಇ ಬರುತ್ತದೆ. ಗುಣಾಕಾರ ಸುಲಭ. ಯಾವ ನಷ್ಟವನ್ನು ಯಾವ ಖಾತೆಗೆ ಬರೆಯಬೇಕು ಎಂಬುದರಲ್ಲೇ ಹೆಚ್ಚಿನವರು ಎಡವುತ್ತಾರೆ.

ಮೊದಲು ಲಭ್ಯತೆ

ಯಂತ್ರ ಓಡಬೇಕಿದ್ದಾಗ ನಿಂತಿದ್ದ ಸಮಯವೆಲ್ಲ ಈ ಖಾತೆಗೆ ಸೇರುತ್ತದೆ. ನಮ್ಮ ಶಿಫ್ಟ್‌ನಲ್ಲಿ ಮೂರು ನಿಲುಗಡೆಗಳಿದ್ದವು. ಮುದ್ರಣ ಬೇರೆಯಾದ ಫಿಲ್ಮ್ ರೋಲ್‌ಗೆ ಬದಲಾಯಿಸಲು 32 ನಿಮಿಷ, ಪೌಚನ್ನು ಬಿಸಿಯಿಂದ ಒತ್ತಿ ಮುಚ್ಚುವ ಸೀಲಿಂಗ್ ಜಾ ಬಿಸಿಯಾಗದೆ ಅದರ ಶಾಖ ಅಳೆಯುವ ಥರ್ಮೊಕಪಲ್ ಬದಲಿಸಲು 25 ನಿಮಿಷ, ಹಾಪರ್‌ಗೆ ಸರಕು ಬಾರದೆ ಕಾದದ್ದು 18 ನಿಮಿಷ. ಒಟ್ಟು 75. ಯಂತ್ರ ಓಡಿದ ಸಮಯ 375 ನಿಮಿಷ. ಲಭ್ಯತೆ 375 ಭಾಗಿಸು 450, ಅಂದರೆ ಶೇ 83.3.

ರೋಲ್ ಬದಲಾವಣೆ ಮೊದಲೇ ಗೊತ್ತಿದ್ದ ಕೆಲಸವಲ್ಲವೇ, ಅದನ್ನೂ ಊಟದ ಬಿಡುವಿನಂತೆ ಹೊರಗಿಡೋಣ ಎಂಬ ವಾದ ಬಹಳ ಕಡೆ ಕೇಳಿಬರುತ್ತದೆ. ಒಪ್ಪಬೇಡಿ. ಆ 32 ನಿಮಿಷವನ್ನು ತೆಗೆದರೆ ಇದೇ ಶಿಫ್ಟ್‌ನ ಓಇಇ ಶೇ 64.7ರಿಂದ 69.6ಕ್ಕೆ ಏರುತ್ತದೆ, ಒಂದೇ ಒಂದು ಪೌಚ್ ಹೆಚ್ಚಿಗೆ ಬರದೆ. ಬದಲಾವಣೆಯ ಸಮಯವನ್ನು ಇಳಿಸಲು ಸಾಧ್ಯವಿದೆ. ಲೆಕ್ಕದಿಂದ ಹೊರಗಿಟ್ಟ ಮೇಲೆ ಅದನ್ನು ಇಳಿಸಬೇಕೆಂದು ಯಾರಿಗೂ ಅನಿಸುವುದಿಲ್ಲ. ಸರಕಿಗೆ ಕಾದ 18 ನಿಮಿಷ ಯಂತ್ರದ ತಪ್ಪಲ್ಲ, ನಿಜ. ಆದರೂ ಅದು ಇದೇ ಖಾತೆಯಲ್ಲಿರಲಿ, ಕಾರಣವನ್ನು ಮಾತ್ರ ಬೇರೆ ಕಾಲಮ್ಮಿನಲ್ಲಿ ಬರೆಯಿರಿ.

ಕಣ್ಣಿಗೆ ಬೀಳದ ನಷ್ಟ

ಓಡಿದ 375 ನಿಮಿಷಕ್ಕೆ, ನಿಮಿಷಕ್ಕೆ 60ರಂತೆ 22,500 ಪೌಚ್ ಆಗಬೇಕಿತ್ತು. ಯಂತ್ರದ ಕೌಂಟರ್ ತೋರಿಸಿದ್ದು 18,000. ಕಾರ್ಯಕ್ಷಮತೆ ಸರಿಯಾಗಿ ಶೇ 80. ಕೊರತೆ 4,500 ಪೌಚ್, ಅಂದರೆ ಪೂರ್ಣ ವೇಗದ 75 ನಿಮಿಷ. ಮೂರು ದೊಡ್ಡ ನಿಲುಗಡೆಗಳು ಸೇರಿ ತಿಂದಷ್ಟೇ ಸಮಯವನ್ನು ಇದೂ ತಿಂದಿದೆ. ಆದರೆ ಶಿಫ್ಟ್ ಪುಸ್ತಕದಲ್ಲಿ ಇದರ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಯಂತ್ರದ ಪಕ್ಕ ಒಂದು ಗಂಟೆ ನಿಂತರೆ ಕಾರಣ ಗೊತ್ತಾಗುತ್ತದೆ. ಒಂದು ಪೌಚ್ ಸೀಲಿಂಗ್ ಜಾಕ್ಕೆ ಅಂಟಿಕೊಳ್ಳುತ್ತದೆ. ಆಪರೇಟರ್ ಯಂತ್ರ ನಿಲ್ಲಿಸಿ, ಗಾರ್ಡ್ ತೆರೆದು, ಅಂಟಿದ್ದನ್ನು ಬಿಡಿಸಿ, ಗಾರ್ಡ್ ಮುಚ್ಚಿ ರಿಸೆಟ್ ಒತ್ತುತ್ತಾರೆ. ನಲವತ್ತು ಸೆಕೆಂಡಿನ ಕೆಲಸ. ಸ್ವಲ್ಪ ಹೊತ್ತಿಗೆ ಫೋಟೊ ಸೆನ್ಸರ್ ಫಿಲ್ಮಿನ ಗುರುತನ್ನು ಹಿಡಿಯದೆ ಯಂತ್ರ ಮತ್ತೆ ನಿಲ್ಲುತ್ತದೆ, ಲೆನ್ಸ್ ಒರೆಸಿದರೆ ಓಡುತ್ತದೆ. ಇವನ್ನು ಯಾರೂ ಬರೆದಿಡುವುದಿಲ್ಲ, ಬರೆಯಲು ಹಿಡಿಯುವ ಹೊತ್ತಿನಲ್ಲಿ ಯಂತ್ರ ಮತ್ತೆ ಶುರುವಾಗಿರುತ್ತದೆ. ಹಾಗಾಗಿ ಹೆಚ್ಚಿನ ಕಾರ್ಖಾನೆಗಳು ಒಂದು ಗಡಿ ಇಟ್ಟುಕೊಳ್ಳುತ್ತವೆ: ಐದು ನಿಮಿಷ ಮೀರಿದ್ದು ಲಭ್ಯತೆಯ ನಷ್ಟ, ಅದಕ್ಕಿಂತ ಚಿಕ್ಕದು ಕಾರ್ಯಕ್ಷಮತೆಯ ನಷ್ಟ. ಗಡಿ ಮೂರು ನಿಮಿಷವಾದರೂ ಅಡ್ಡಿಯಿಲ್ಲ, ತಿಂಗಳಿಗೊಮ್ಮೆ ಬದಲಾಗಬಾರದು ಅಷ್ಟೆ. ಬದಲಾದರೆ ನಷ್ಟ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ಹೋಲಿಕೆ ಕೆಡುತ್ತದೆ.

ಈ 75 ನಿಮಿಷವನ್ನು ಇನ್ನೂ ಎರಡಾಗಿ ಬಿಡಿಸಬಹುದು. ಫಿಲ್ಮ್ ಜಾರುತ್ತದೆಂದು ಯಂತ್ರವನ್ನು ಅಂದು 54ರ ವೇಗಕ್ಕೆ ಇಳಿಸಿ ಓಡಿಸಿದ್ದರು. 18,000 ಪೌಚ್‌ಗೆ ಆ ವೇಗದಲ್ಲಿ 333.3 ನಿಮಿಷ ಸಾಕು. 375ರಲ್ಲಿ ಅದನ್ನು ಕಳೆದರೆ 41.7 ನಿಮಿಷ ಚಿಕ್ಕಪುಟ್ಟ ನಿಲುಗಡೆಗಳಿಗೆ ಹೋಗಿದೆ. ಉಳಿದ 33.3 ನಿಮಿಷ ವೇಗ ಇಳಿಸಿದ್ದರ ಬೆಲೆ. ಮೊದಲನೆಯದಕ್ಕೆ ಜಾ ಸ್ವಚ್ಛತೆ, ಸೆನ್ಸರ್ ಜೋಡಣೆ ಮದ್ದು. ಎರಡನೆಯದಕ್ಕೆ ಫಿಲ್ಮ್ ಎಳೆಯುವ ಬೆಲ್ಟ್‌ಗಳ ಸವೆತವನ್ನು ನೋಡಬೇಕು.

ಇಲ್ಲೊಂದು ಎಚ್ಚರಿಕೆ. ಆದರ್ಶ ವೇಗ ಎಂದರೆ ಆ ಅಳತೆಯ ಪೌಚ್‌ಗೆ, ಆ ಸರಕಿಗೆ ಯಂತ್ರ ನೀಡಬಲ್ಲ ಗರಿಷ್ಠ ವೇಗ; ಇಂದು ಪರದೆಯ ಮೇಲೆ ಇಟ್ಟ ವೇಗವಲ್ಲ. 54ನ್ನೇ ಆದರ್ಶ ಎಂದು ಹಿಡಿದರೆ ಕಾರ್ಯಕ್ಷಮತೆ ಶೇ 88.9 ಎಂದು ತೋರುತ್ತದೆ, ವೇಗದ ನಷ್ಟ ಮಾಯವಾಗುತ್ತದೆ. ಯಾವುದಾದರೂ ಶಿಫ್ಟ್‌ನಲ್ಲಿ ಕಾರ್ಯಕ್ಷಮತೆ ಶೇ 100 ದಾಟಿತೋ, ಹೆಮ್ಮೆಪಡುವ ಮೊದಲು ಆದರ್ಶ ವೇಗವನ್ನು ಕಡಿಮೆ ಹಿಡಿದಿದ್ದೀರಾ, ನಿಲುಗಡೆಯನ್ನು ಹೆಚ್ಚು ಬರೆದಿದ್ದೀರಾ ಎಂದು ನೋಡಿ.

ಗುಣಮಟ್ಟ

18,000ದಲ್ಲಿ 540 ಪೌಚ್ ರಿಜೆಕ್ಟ್ ಆದವು: ಸೀಲ್ ಸೋರಿದವು, ತೂಕ ಕಡಿಮೆಯಾದವು. ಉಳಿದ 17,460ನ್ನು 18,000ದಿಂದ ಭಾಗಿಸಿದರೆ ಶೇ 97. ಪೌಚ್ ಕತ್ತರಿಸಿ ಒಳಗಿನ ಸರಕನ್ನು ಮತ್ತೆ ಹಾಪರ್‌ಗೆ ಸುರಿದಿದ್ದರೂ ಅದು ರಿಜೆಕ್ಟೇ; ಮೊದಲ ಸಲಕ್ಕೆ ಸರಿಯಾದದ್ದು ಮಾತ್ರ ಒಳ್ಳೆಯದರ ಲೆಕ್ಕಕ್ಕೆ. ಥರ್ಮೊಕಪಲ್ ಬದಲಿಸಿದ ಮೇಲೆ ಜಾ ಪೂರ್ತಿ ಬಿಸಿಯಾಗುವವರೆಗೆ ಬಂದ ಸೋರುವ ಪೌಚ್‌ಗಳೂ ಇಲ್ಲಿಗೇ ಸೇರುತ್ತವೆ.

ಕಾರ್ಯಕ್ಷಮತೆ ಲೆಕ್ಕ ಹಾಕುವಾಗ ರಿಜೆಕ್ಟ್ ಸೇರಿದ ಒಟ್ಟು ಸಂಖ್ಯೆಯನ್ನೇ ತೆಗೆದುಕೊಳ್ಳಬೇಕು. ಅಲ್ಲಿಯೂ 17,460 ಹಾಕಿದರೆ ಅದೇ 540 ಪೌಚ್‌ಗಳಿಗೆ ಎರಡು ಸಲ ದಂಡ ಬೀಳುತ್ತದೆ, ಓಇಇ ಶೇ 62.7ಕ್ಕೆ ಇಳಿಯುತ್ತದೆ.

ಲೆಕ್ಕ ತಾಳೆಯಾಗುತ್ತದೆಯೇ?

ಮೂರನ್ನೂ ಗುಣಿಸಿ: 0.8333, 0.80, 0.97. ಓಇಇ ಶೇ 64.7. ಇದನ್ನು ನಿಮಿಷಗಳಲ್ಲಿ ಪರೀಕ್ಷಿಸುವುದು ನನ್ನ ಮಟ್ಟಿಗೆ ಅತ್ಯಗತ್ಯ. ನಿಲುಗಡೆ 75, ವೇಗ ಮತ್ತು ಚಿಕ್ಕ ನಿಲುಗಡೆ 75, ರಿಜೆಕ್ಟ್ 9, ಒಳ್ಳೆಯ ಪೌಚ್‌ಗೆ ಸಂದದ್ದು 291. ಕೂಡಿದರೆ 450. ಕೂಡಿ ಬರದಿದ್ದರೆ ಎಲ್ಲೋ ಒಂದು ನಷ್ಟ ಎರಡು ಕಡೆ ಸೇರಿದೆ, ಇಲ್ಲವೇ ಬಿಟ್ಟುಹೋಗಿದೆ. ಶೇ 85 ಬಂದರೆ ಉತ್ತಮ ಎನ್ನುವ ಪ್ರಸಿದ್ಧ ಅಂಕಿ ಹುಟ್ಟಿದ್ದು ಲಭ್ಯತೆ 90, ಕಾರ್ಯಕ್ಷಮತೆ 95, ಗುಣಮಟ್ಟ 99 ಎಂಬ ಗುರಿಗಳ ಗುಣಾಕಾರದಿಂದ. ದಿನಕ್ಕೆ ನಾಲ್ಕು ಸಲ ರೋಲ್ ಬದಲಿಸುವ ಯಂತ್ರವನ್ನು ಅದಕ್ಕೆ ಹೋಲಿಸಿ ಬೈಯುವುದು ಸರಿಯಲ್ಲ. ಅದೇ ಯಂತ್ರದ ಹಿಂದಿನ ವಾರಗಳೊಂದಿಗೆ ಹೋಲಿಸಿ.

ಹಲವು ಶಿಫ್ಟ್‌ಗಳನ್ನು ಒಟ್ಟುಗೂಡಿಸುವಾಗ ಶೇಕಡಾಗಳ ಸರಾಸರಿ ತೆಗೆಯಬೇಡಿ. ಮರುದಿನ 200 ನಿಮಿಷದ ಚಿಕ್ಕ ಶಿಫ್ಟ್‌ನಲ್ಲಿ ಓಇಇ ಶೇ 85 ಬಂತೆನ್ನಿ. ಸರಾಸರಿ ತೆಗೆದರೆ ಶೇ 75ರ ಹತ್ತಿರ. ಒಳ್ಳೆಯ ನಿಮಿಷಗಳನ್ನು ಕೂಡಿದರೆ 291 ಮತ್ತು 170, ಒಟ್ಟು 461. ಅದನ್ನು 650 ನಿಮಿಷದಿಂದ ಭಾಗಿಸಿದರೆ ಶೇ 70.9. ಇದೇ ಸರಿಯಾದ ಅಂಕಿ. ಅಳತೆ ಬೇರೆಯಾದ ಪೌಚ್‌ಗಳಿಗೂ ಈ ದಾರಿಯೇ ಸೂಕ್ತ: ಪ್ರತಿ ಅಳತೆಯ ಒಳ್ಳೆಯ ಪೌಚ್‌ಗಳನ್ನು ಅದರದೇ ಆದರ್ಶ ವೇಗದಿಂದ ಭಾಗಿಸಿ ನಿಮಿಷಕ್ಕಿಳಿಸಿ, ಆಮೇಲೆ ಕೂಡಿ.