sin⁻¹ x ಬೇರೆ, 1/sin x ಬೇರೆ: ತಲೆ ಮೇಲಿನ ಪುಟ್ಟ ಅಂಕಿಯನ್ನು ಓದುವುದು ಹೇಗೆ?

ಗಂಗಾವತಿಯ ಒಂದು ರೈಸ್ ಮಿಲ್ಲಿನ ಅಂಗಳ ಅಂದುಕೊಳ್ಳಿ. ಅಕ್ಕಿ ಚೀಲಗಳನ್ನು ಲಾರಿಗೆ ಏರಿಸಲು ಬೆಲ್ಟ್ ಕನ್ವೇಯರ್ ನಿಲ್ಲಿಸಿದ್ದಾರೆ. ಬೆಲ್ಟಿನ ಉದ್ದ 6 ಮೀಟರ್. ಅದರ ಮೇಲಿನ ತುದಿ ಕೆಳಗಿನ ತುದಿಗಿಂತ 3 ಮೀಟರ್ ಎತ್ತರದಲ್ಲಿದೆ. ಹಾಗಾದರೆ ಬೆಲ್ಟು ನೆಲದಿಂದ ಎಷ್ಟು ಡಿಗ್ರಿ ಮೇಲೆದ್ದಿದೆ?

ಟ್ಯೂಷನ್‌ಗೆ ಬರುವ ಪಿಯುಸಿ ಮಕ್ಕಳಿಗೆ ನಾನು ಈ ಲೆಕ್ಕ ಕೊಡುತ್ತೇನೆ. ಎತ್ತರವನ್ನು ಉದ್ದದಿಂದ ಭಾಗಿಸಿದರೆ ಸೈನ್ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು.

sin θ = 3/6 = 0.5
θ = sin⁻¹(0.5)

ಇಲ್ಲಿವರೆಗೆ ಯಾರೂ ತಪ್ಪುವುದಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬಳು 1/sin(0.5) ಎಂದು ಬರೆದಳು. ಡಿಗ್ರಿಗೆ ಇಟ್ಟಿದ್ದ ಕ್ಯಾಲ್ಕುಲೇಟರ್ 114.59 ತೋರಿಸಿತು. ಯಾಕೆ ಹೀಗೆ ಬರೆದೆ ಎಂದು ಕೇಳಿದೆ. "ಘಾತ ಮೈನಸ್ ಒಂದು ಇದ್ರ ಕೆಳಗ ಹೋಗ್ತದಲ್ರೀ ಸರ್? 5⁻¹ ಅಂದ್ರ 1/5 ಅಂತ ನೀವೇ ಹೇಳೀರಿ" ಅಂದಳು.

ಅವಳು ಹೇಳಿದ್ದರಲ್ಲಿ ನ್ಯಾಯವಿದೆ. ಸಂಖ್ಯೆಯ ತಲೆ ಮೇಲೆ ಮೈನಸ್ ಒಂದು ಕೂತರೆ ಅದು ಕೆಳಗೆ ಹೋಗುವುದು ನಿಜ. ಆದರೆ sin ಸಂಖ್ಯೆಯಲ್ಲ, ಅದೊಂದು ಕೆಲಸ. ಕೋನವನ್ನು ಕೊಟ್ಟರೆ ಅನುಪಾತವನ್ನು ಕೊಡುವ ಕೆಲಸ. ಕೆಲಸದ ತಲೆ ಮೇಲೆ ಮೈನಸ್ ಒಂದು ಕೂತರೆ "ಇದೇ ಕೆಲಸವನ್ನು ಹಿಂದಿನಿಂದ ಮಾಡು" ಎಂದರ್ಥ. sin 30° ಅಂದಾಗ ಕೋನ ಕೊಟ್ಟು 0.5 ಪಡೆದೆವು. sin⁻¹(0.5) ಅಂದಾಗ 0.5 ಕೊಟ್ಟು ಕೋನ ವಾಪಸ್ ಕೇಳುತ್ತಿದ್ದೇವೆ. ಉತ್ತರ 30°.

114.59 ತಪ್ಪು ಎಂದು ತಿಳಿಯಲು ಸೂತ್ರವೇ ಬೇಕಿಲ್ಲ. 90 ಡಿಗ್ರಿ ಅಂದರೆ ಬೆಲ್ಟು ಕಂಬದ ಹಾಗೆ ನೆಟ್ಟಗೆ ನಿಂತಿದೆ. 114 ಡಿಗ್ರಿ ಅಂದರೆ ಅದನ್ನೂ ದಾಟಿ ಹಿಂದಕ್ಕೆ ಮಗುಚಿದೆ. ಅದರ ಮೇಲೆ ಒಂದು ಚೀಲವೂ ನಿಲ್ಲುವುದಿಲ್ಲ. ಉತ್ತರ ಬಂದ ಮೇಲೆ ಚಿತ್ರವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಂಡರೆ ಇಂಥ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಹಾಗಂತ 1/sin ಕೆಲಸಕ್ಕೆ ಬಾರದ್ದು ಅಂತಲ್ಲ. ಅದಕ್ಕೆ ಕೊಸೆಕ್ ಎಂಬ ಸ್ವಂತ ಹೆಸರೇ ಇದೆ. ನಮ್ಮ ಕನ್ವೇಯರ್‌ಗೆ 1/sin 30° = 1/0.5 = 2. ಇದರ ಅರ್ಥವೇನು? ಒಂದು ಮೀಟರ್ ಎತ್ತರಕ್ಕೆ ಹೋಗಲು ಎರಡು ಮೀಟರ್ ಬೆಲ್ಟ್ ಬೇಕು. ನಾಳೆ ಚೀಲಗಳನ್ನು ಇದೇ ಇಳಿಜಾರಿನಲ್ಲಿ 3.5 ಮೀಟರ್ ಎತ್ತರಕ್ಕೆ ಏರಿಸಬೇಕಾದರೆ 7 ಮೀಟರ್ ಬೆಲ್ಟ್ ತರಿಸಬೇಕು. ಇಲ್ಲಿ ಕೋನವನ್ನು ಒಳಗೆ ಹಾಕಿದೆವು, ಹೊರಗೆ ಬಂದದ್ದು ಬರೀ ಅನುಪಾತ. sin⁻¹ ವಿಷಯದಲ್ಲಿ ಒಳಗೆ ಹಾಕಿದ್ದು ಅನುಪಾತ, ಹೊರಗೆ ಬಂದದ್ದು ಕೋನ. ಲೆಕ್ಕದಲ್ಲಿ ನಿಮ್ಮ ಕೈಯಲ್ಲಿ ಏನಿದೆ, ಏನು ಬೇಕಾಗಿದೆ ಎಂದು ಮೊದಲು ನೋಡಿಕೊಳ್ಳಿ. ಯಾವುದನ್ನು ಬಳಸಬೇಕು ಎಂಬುದು ಅಲ್ಲೇ ತಿಳಿಯುತ್ತದೆ.

ಅನುಮಾನ ಬಂದರೆ ಇನ್ನೊಂದು ಪರೀಕ್ಷೆ ಇದೆ. x ಜಾಗದಲ್ಲಿ ಸೊನ್ನೆ ಹಾಕಿ. sin⁻¹(0) ಸೊನ್ನೆ ಡಿಗ್ರಿ, ಅಂದರೆ ಬೆಲ್ಟು ನೆಲದ ಮೇಲೆ ಮಲಗಿದೆ. 1/sin 0 ಮಾತ್ರ ಸೊನ್ನೆಯಿಂದ ಭಾಗಿಸಿದ ಹಾಗೆ, ಅದಕ್ಕೆ ಬೆಲೆಯೇ ಇಲ್ಲ. ಈಗ 2 ಹಾಕಿ. sin⁻¹(2) ಒತ್ತಿದರೆ ಕ್ಯಾಲ್ಕುಲೇಟರ್ ಎರರ್ ತೋರಿಸುತ್ತದೆ. ಸೈನ್ ಯಾವತ್ತೂ 1 ದಾಟುವುದಿಲ್ಲ, ಹಾಗಾಗಿ ಯಾವ ಕೋನದಿಂದಲೂ 2 ಬಂದಿರಲು ಸಾಧ್ಯವಿಲ್ಲ. 6 ಮೀಟರ್ ಬೆಲ್ಟು 12 ಮೀಟರ್ ಎತ್ತರ ಮುಟ್ಟುವುದು ಹೇಗೆ ಹೇಳಿ! ಆದರೆ 1/sin 2° ಸುಮ್ನೆ 28.65 ಎಂದು ಬರುತ್ತದೆ.

ಇನ್ನು ಸೈನ್ ತಲೆ ಮೇಲೆ 2 ಕೂತಾಗ ಏನು? ಮಕ್ಕಳು ಜಾಸ್ತಿ ಗೊಂದಲಪಡುವುದು ಇಲ್ಲೇ. sin² 30° ಎಂಬುದನ್ನು ಮೂರು ರೀತಿ ಓದಬಹುದು. ಮೊದಲು ಸೈನ್ ತೆಗೆದು, ಬಂದ ಉತ್ತರವನ್ನು ವರ್ಗ ಮಾಡಿದರೆ 0.5 × 0.5 = 0.25. ಮೊದಲು ಕೋನವನ್ನೇ ವರ್ಗ ಮಾಡಿದರೆ sin 900°. ಎರಡು ಪೂರ್ತಿ ಸುತ್ತು, ಅಂದರೆ 720 ಕಳೆದರೆ 180°, ಅದರ ಸೈನ್ ಸೊನ್ನೆ. ಸೈನ್‌ನ ಸೈನ್ ತೆಗೆದರೆ sin(0.5), ಡಿಗ್ರಿಯಲ್ಲಿ ಸುಮಾರು 0.0087. ಬರೆದದ್ದು ಒಂದೇ, ಉತ್ತರ ಮೂರು.

ಎಲ್ಲರೂ ಒಪ್ಪಿಕೊಂಡಿರುವ ಅರ್ಥ ಮೊದಲನೆಯದು. sin² x ಅಂದರೆ (sin x)². ನಂಬಿಕೆ ಬರದಿದ್ದರೆ ಎಲ್ಲರಿಗೂ ಬಾಯಿಪಾಠ ಇರುವ sin² x + cos² x = 1 ತೆಗೆದುಕೊಳ್ಳಿ. ಸರಿಯಾಗಿ ಓದಿದರೆ 30° ಗೆ 0.25 + 0.75, ಅಂದರೆ ಒಂದು. ಕೋನವನ್ನು ವರ್ಗ ಮಾಡಿದರೆ sin 900° + cos 900°, ಅಂದರೆ 0 − 1, ಉತ್ತರ ಮೈನಸ್ ಒಂದು. ಸೂತ್ರವೇ ಮುರಿದುಬಿತ್ತು, ಅಲ್ವಾ?

ಒಂದು ಅನ್ಯಾಯ ಇಲ್ಲಿ ಉಳಿದೇ ಇದೆ, ಅದನ್ನು ಮಕ್ಕಳಿಂದ ಮುಚ್ಚಿಡಬಾರದು ಅನ್ನುವುದು ನನ್ನ ಅಭಿಪ್ರಾಯ. 2 ಕೂತಾಗ ಗುಣಾಕಾರ, −1 ಕೂತಾಗ ಹಿಂದಿನಿಂದ ಮಾಡುವ ಕೆಲಸ. ಒಂದೇ ಜಾಗ, ಎರಡು ನಿಯಮ. sin⁻¹ ಎಂಬ ಬರವಣಿಗೆಯನ್ನು 1813ರಲ್ಲಿ ತಂದವರು ಇಂಗ್ಲೆಂಡಿನ ಜಾನ್ ಹರ್ಷೆಲ್. ಅವರ ಲೆಕ್ಕದಲ್ಲಿ ಆ ಜಾಗದ ಅಂಕಿ "ಕೆಲಸವನ್ನು ಎಷ್ಟು ಸಲ ಮಾಡಬೇಕು" ಎಂದು ಹೇಳುತ್ತಿತ್ತು. ಹಾಗಾಗಿ sin² x ಅಂದರೆ ಸೈನ್‌ನ ಸೈನ್, sin⁻¹ x ಅಂದರೆ ಅದೇ ಕೆಲಸ ಹಿಂದಕ್ಕೆ. ಎರಡೂ ಒಂದೇ ದಾರದಲ್ಲಿದ್ದವು. ಜರ್ಮನಿಯ ಗಾಸ್‌ಗೂ sin² x ಅನ್ನು ವರ್ಗದ ಅರ್ಥದಲ್ಲಿ ಬರೆಯುವುದು ಹಿಡಿಸುತ್ತಿರಲಿಲ್ಲ. ಆದರೆ ಜನ ವರ್ಗದ ಅರ್ಥವನ್ನು ಬಿಡಲಿಲ್ಲ, ಹರ್ಷೆಲ್ ತಂದ ಮೈನಸ್ ಒಂದನ್ನೂ ಇಟ್ಟುಕೊಂಡರು. ಆ ಹುಡುಗಿ ತಪ್ಪಿದ್ದು ದಡ್ಡತನದಿಂದಲ್ಲ. ಎರಡು ಪದ್ಧತಿಗಳು ಕೂಡುವ ಜಾಗದಲ್ಲಿ ಅವಳು ಎಡವಿದಳು.

ಬರೆಯುವಾಗ ತಪ್ಪಿಸಿಕೊಳ್ಳಲು ದಾರಿ ಇದೆ. ಭಾಗಾಕಾರ ಬೇಕಿದ್ದರೆ cosec x ಎಂದು ಬರೆಯಿರಿ, ಅಥವಾ ಆವರಣ ಹಾಕಿ (sin x)⁻¹ ಎಂದು ಬರೆಯಿರಿ. ಹಿಂದಿನ ಕೋನ ಬೇಕಿದ್ದರೆ sin⁻¹ x, ಇಲ್ಲವೇ arcsin x. sin⁻² x ಮಾತ್ರ ಬರೆಯಲೇಬೇಡಿ. ಓದುವವರು ಯಾವ ನಿಯಮ ಹಿಡಿಯುತ್ತಾರೋ ಹೇಳಲಾಗದು.

ಕ್ಯಾಲ್ಕುಲೇಟರಿನಲ್ಲಿ ಶಿಫ್ಟ್ ಒತ್ತಿ sin ಒತ್ತಿದರೆ ಬರುವುದು ಕೋನ. ಕೊಸೆಕ್ ಬೇಕಿದ್ದರೆ ಮೊದಲು sin 30 ರ ಉತ್ತರ ಪಡೆದು, ಆಮೇಲೆ x⁻¹ ಕೀ ಒತ್ತಿ. ಆ ಕೀ ಮೇಲಿನ ಮೈನಸ್ ಒಂದು ನಿಜವಾಗಿಯೂ ಭಾಗಾಕಾರದ್ದೇ. ವರ್ಗಕ್ಕೆ (sin(30))² ಎಂದು ಎರಡು ಆವರಣ ಹಾಕಿ. sin(30²) ಎಂದು ಹಾಕಿದರೆ ಸೊನ್ನೆ ಬರುತ್ತದೆ. ಎಕ್ಸೆಲ್‌ನಲ್ಲಿ ಈ ಜಗಳವೇ ಇಲ್ಲ, ಯಾಕೆಂದರೆ ಅಲ್ಲಿ ತಲೆ ಮೇಲೆ ಅಂಕಿ ಬರೆಯುವಂತಿಲ್ಲ. ನಮ್ಮ ಕನ್ವೇಯರ್‌ನ ಮೂರು ಲೆಕ್ಕ ಅಲ್ಲಿ ಹೀಗಿರುತ್ತದೆ:

```
=DEGREES(ASIN(3/6))
=1/SIN(RADIANS(30))
=SIN(RADIANS(30))^2
```

ಮೊದಲನೆಯದು 30, ಎರಡನೆಯದು 2, ಮೂರನೆಯದು 0.25. RADIANS ಬಿಟ್ಟು SIN(30) ಎಂದು ಹಾಕಿದರೆ ಎಕ್ಸೆಲ್ ಅದನ್ನು 30 ರೇಡಿಯನ್ ಎಂದೇ ತಿಳಿದುಕೊಳ್ಳುತ್ತದೆ, ಉತ್ತರ ಮೈನಸ್ 0.988 ಬರುತ್ತದೆ. ನೆಲದಿಂದ ಮೇಲಕ್ಕೆ ಹೋಗುವ ಬೆಲ್ಟಿಗೆ ಮೈನಸ್ ಸೈನ್ ಬಂದರೆ ಮೊದಲು ಇದನ್ನೇ ನೋಡಿ.