ದುಡ್ಡು ಕೇಳದ ಡೇಟಾ ಎಂಟ್ರಿ ಕೆಲಸ ನನಗೆ ಸಿಕ್ಕಿದ್ದು ಹೀಗೆ

"ಡೇಟಾ ಎಂಟ್ರಿ ಅಂದ್ರೆ ಎಲ್ಲಾ ಮೋಸಾನೇ ಕಣೇ" ಅಂತ ಅಣ್ಣ ಹೇಳುತ್ತಲೇ ಇದ್ದ. ಈಗ ಹದಿನಾಲ್ಕು ತಿಂಗಳಿಂದ ನನ್ನ ಖಾತೆಗೆ ತಪ್ಪದೆ ದುಡ್ಡು ಬರುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಣ್ಣ ಹಾಗೆ ಹೇಳಲು ಕಾರಣ ಇತ್ತು. ಮೊದಲ ಸಲ ಒಂದು ಜಾಹೀರಾತು ನೋಡಿ, ನೋಂದಣಿಗೆ ಅಂತ ಸುಮಾರು 2,500 ಕಟ್ಟಿದ್ದೆ. ಮಸುಕಾದ ಚಿತ್ರ ನೋಡಿ ಆರು ದಿನದಲ್ಲಿ 600 ಫಾರಂ ತುಂಬಬೇಕು, 98% ಸರಿ ಇರಬೇಕು. ನಿದ್ದೆಗೆಟ್ಟು ಮುಗಿಸಿದೆ. "ನಿಮ್ಮದು 91% ಬಂದಿದೆ" ಅಂದರು. ಎಲ್ಲಿ ತಪ್ಪಾಗಿದೆ ಅಂದರೆ ಒಂದು ಫಾರಂ ಕೂಡ ತೋರಿಸಲಿಲ್ಲ. ವಾರ ಕಳೆದು ವಾಟ್ಸಾಪ್‌ಗೆ ವಕೀಲರ ನೋಟಿಸ್ ಬಂತು. ಒಪ್ಪಂದ ಮುರಿದಿದ್ದಕ್ಕೆ 6,000 ಕೊಡಬೇಕಂತೆ. ಹೆದರಿ ಅರ್ಧ ಕಟ್ಟಿಬಿಟ್ಟೆ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡುವಷ್ಟರಲ್ಲಿ ತಿಂಗಳಾಗಿತ್ತು, ದುಡ್ಡು ವಾಪಸ್ ಬರಲಿಲ್ಲ.

ಆಮೇಲೆ ಜಾಹೀರಾತು ನೋಡುವುದನ್ನೇ ಬಿಟ್ಟೆ. ಜಿಎಸ್‌ಟಿ ರಿಟರ್ನ್ ತುಂಬುವ ಆಫೀಸುಗಳಿಗೆ ನಾನೇ ಬರೆದೆ, ಮೂವತ್ತಕ್ಕೂ ಜಾಸ್ತಿ. ಉತ್ತರ ಕೊಟ್ಟಿದ್ದು ಇಬ್ಬರು. ಒಬ್ಬರು ಪರೀಕ್ಷೆ ಕೊಟ್ಟರು. ಸ್ಕ್ಯಾನ್ ಮಾಡಿದ 40 ಖರೀದಿ ಬಿಲ್, ಎರಡು ಗಂಟೆ, ಎಕ್ಸೆಲ್. ಶುಲ್ಕದ ಮಾತೇ ಇಲ್ಲ.

ವೇಗ ನೋಡುತ್ತಾರೆ ಅಂದುಕೊಂಡಿದ್ದೆ. ಅವರು ನೋಡಿದ್ದು ಅನುಮಾನ ಬಂದಾಗ ನಾನೇನು ಮಾಡುತ್ತೇನೆ ಅಂತ. ಒಂದು ಬಿಲ್ಲನ್ನು ಎರಡು ಸಲ ಸೇರಿಸಿದ್ದರು. ಇನ್ನೊಂದರಲ್ಲಿ ತೆರಿಗೆ ಕೂಡಿದರೆ ಒಟ್ಟು ಮೊತ್ತ ತಾಳೆಯಾಗುತ್ತಿರಲಿಲ್ಲ. ನಾನು ತಿದ್ದಲಿಲ್ಲ. ಇದ್ದದ್ದನ್ನೇ ಹಾಕಿ, ಪಕ್ಕದ ಕಾಲಂನಲ್ಲಿ ಷರಾ ಬರೆದೆ. ಒಂದು ಜಿಎಸ್‌ಟಿ ನಂಬರಿನಲ್ಲಿ ಸೊನ್ನೆಯೋ `O` ಅಕ್ಷರವೋ ತಿಳಿಯುತ್ತಿರಲಿಲ್ಲ. ನಂಬರಿನ 15 ಸ್ಥಾನಗಳಲ್ಲಿ 3ರಿಂದ 7ರವರೆಗೆ ಅಕ್ಷರ, 8ರಿಂದ 11ರವರೆಗೆ ಅಂಕಿ. ಅದು ಒಂಬತ್ತನೆಯದು, ಹಾಗಾಗಿ ಸೊನ್ನೆಯೇ. ಜಿಎಸ್‌ಟಿ ನಂಬರ್ ಇದ್ದದ್ದು B ಕಾಲಂನಲ್ಲಿ. ಕೊನೆಗೆ ಈ ಸೂತ್ರ ಎಳೆದು, 15 ಬಾರದ ಸಾಲು ಮತ್ತೆ ನೋಡಿದೆ:

```
=LEN(B2)
```

ಬಿಲ್ಲುಗಳನ್ನು ಶುರುವಿನಲ್ಲೇ ಯಾವ ಕ್ರಮದಲ್ಲಿ ಜೋಡಿಸಿಕೊಳ್ಳುತ್ತೇನೆ ಅನ್ನುವುದನ್ನು ಮಾತ್ರ ಹೇಳಲ್ಲ, ನನ್ನ ವೇಗ ಇರುವುದೇ ಅಲ್ಲಿ. ಕೆಲಸ ಸಿಕ್ಕ ಮೇಲೆ ಒಂದು ತಿಂಗಳು ಸುಮ್ನೆ ಎಲ್ಲವನ್ನೂ ಎರಡೆರಡು ಸಲ ಟೈಪ್ ಮಾಡಿ ಹೋಲಿಸಿಯೂ ನೋಡಿದೆ. ತಪ್ಪು ಸಿಕ್ಕಿದ್ದೆಲ್ಲ ಮೊತ್ತ ಮತ್ತು ಜಿಎಸ್‌ಟಿ ನಂಬರಿನಲ್ಲೇ. ಈಗ ಆ ಎರಡು ಕಾಲಂ ಮಾತ್ರ ಎರಡು ಸಲ ಹೊಡೆಯುತ್ತೇನೆ.

ಪರೀಕ್ಷೆಗೆ ದುಡ್ಡು ಕೊಡಲಿಲ್ಲ. ಎರಡು ಗಂಟೆ ಅಲ್ವಾ, ಪರವಾಗಿಲ್ಲ. 500 ಬಿಲ್ ಪುಕ್ಕಟೆ ಮಾಡಿಕೊಡಿ ಅಂದಿದ್ದರೆ ಮಾಡುತ್ತಿರಲಿಲ್ಲ. ಮೊದಲ ಕಂತು 200 ಬಿಲ್, ಒಂದಕ್ಕೆ ಎರಡೂವರೆ ರೂಪಾಯಿ. ತಪಾಸಣೆ ಮುಗಿದ ಮೇಲೆ 500 ಬಂತು. ಮೂರು ತಪ್ಪು ಇದ್ದವು, ಸಾಲಿನ ನಂಬರ್ ಸಮೇತ ಕಳಿಸಿದ್ದರು. ಆವತ್ತೇ ನನಗೆ ಧೈರ್ಯ ಬಂತು. ಈಗ ತಿಂಗಳ ಕೊನೆಗೆ ನಾನು ಎಷ್ಟು ಬಿಲ್ ಅಂತ ಲೆಕ್ಕ ಕಳಿಸುತ್ತೇನೆ. ಅವರು ಅಲ್ಲಲ್ಲಿ ಐವತ್ತು ಸಾಲು ನೋಡಿ, 7ನೇ ತಾರೀಖಿನೊಳಗೆ ಬ್ಯಾಂಕಿಗೆ ಹಾಕುತ್ತಾರೆ. ಮೂರು ಸಾವಿರ ಬಿಲ್ ಆದರೆ ಏಳೂವರೆ ಸಾವಿರ. ಜುಲೈಯಲ್ಲಿ ಕೆಲಸ ಕಮ್ಮಿ ಇತ್ತು, ನಾಲ್ಕು ಸಾವಿರಕ್ಕೇ ನಿಂತಿತು.

ಅಣ್ಣನೂ ಈಗ ತನ್ನ ಅಂಗಡಿಯ ಬಿಲ್ ತಂದು ಕೊಡುತ್ತಾನೆ. ಅವನಿಗೂ ಎರಡೂವರೆ ರೂಪಾಯಿಯೇ.